ಎನ್‌ವಿಎಂಇ ಡ್ರೈವ್ 84 ಡಿಗ್ರಿ ತೋರಿಸುತ್ತಿದೆ, ಮದರ್‌ಬೋರ್ಡ್ ಕವರ್ ಸಾಕಾ?

ರೇಖಾ: ನಾನು ಮದುವೆ ವಿಡಿಯೊ ಎಡಿಟ್ ಮಾಡುತ್ತೇನೆ. ಹೊಸ ಪಿಸಿಯಲ್ಲಿ ಎರಡು ಜೆನ್ 4 ಡ್ರೈವ್ ಇವೆ, ಎರಡೂ 2 ಟಿಬಿ. ಒಂದರಿಂದ ಇನ್ನೊಂದಕ್ಕೆ 400 ಜಿಬಿ ಫೋಲ್ಡರ್ ಕಾಪಿ ಮಾಡಿದರೆ ಮೊದಲು ಸೆಕೆಂಡಿಗೆ 2.5 ಜಿಬಿ ಬರುತ್ತದೆ, ಒಂದು ನಿಮಿಷದೊಳಗೆ ಬಿದ್ದುಹೋಗುತ್ತದೆ. ಆಗ CrystalDiskInfo ನೋಡಿದರೆ 84 ಡಿಗ್ರಿ. ಬೋರ್ಡ್ ಜೊತೆ ಬಂದ ಅಲ್ಯೂಮಿನಿಯಂ ಕವರ್ ಹಾಕಿದ್ದಾರೆ, ಅಂಗಡಿಯವರು ಅದೇ ಸಾಕು ಅಂದರು. ಬೇರೆ ಹೀಟ್‌ಸಿಂಕ್ ತಗೊಳ್ಳಬೇಕಾ? ರೂಮಿನಲ್ಲಿ ಎಸಿ ಇಲ್ಲ, ಈಗ 35 ಡಿಗ್ರಿ ಇದೆ.

ಶಿವಕುಮಾರ್ (ಪಿಸಿ ಬಿಲ್ಡ್, ಸರ್ವಿಸ್): ಮೇಡಂ, ಸದ್ಯಕ್ಕೆ ಏನೂ ಕೊಳ್ಳಬೇಡಿ. ಜೆನ್ 4 ಡ್ರೈವ್‌ಗೆ ಬೋರ್ಡ್ ಕವರ್ ಸಾಮಾನ್ಯವಾಗಿ ಸಾಕು. ಅದರಲ್ಲಿರುವ ಅಲ್ಯೂಮಿನಿಯಂ, ಹೊರಗೆ ಸಿಗುವ ಅಗ್ಗದ ಹೀಟ್‌ಸಿಂಕ್‌ಗಿಂತ ಎಷ್ಟೋ ಸಲ ಜಾಸ್ತಿಯೇ ಇರುತ್ತದೆ. ಆದರೆ ಆ ಲೋಹಕ್ಕೆ ಬಿಸಿ ತಲುಪಬೇಕಲ್ವಾ? ನಿಮ್ಮದರಲ್ಲಿ ತಲುಪುತ್ತಿಲ್ಲ ಅಂತ ನನ್ನ ಅನುಮಾನ.

ಅದಕ್ಕೂ ಮೊದಲು ಸ್ಪೀಡ್ ಬೀಳುತ್ತಿರುವುದು ಬಿಸಿಯಿಂದಲೇ ಹೌದಾ ನೋಡಬೇಕು. ದೊಡ್ಡ ಕಾಪಿಯಲ್ಲಿ ಎರಡು ಕಾರಣಕ್ಕೆ ಸ್ಪೀಡ್ ಬೀಳುತ್ತದೆ. ಡ್ರೈವ್ ತನ್ನ ಒಂದಷ್ಟು ಜಾಗವನ್ನು ವೇಗವಾಗಿ ಬರೆಯುವ ಕ್ಯಾಶ್ ಆಗಿ ಬಳಸುತ್ತದೆ. ಅದು ತುಂಬಿದರೆ ಸ್ಪೀಡ್ ಒಂದೇ ಸಲ ಕೆಳಗಿಳಿದು ಅಲ್ಲೇ ನಿಲ್ಲುತ್ತದೆ, ಡಿಗ್ರಿ ಎಷ್ಟೇ ಇರಲಿ. ಬಿಸಿಯಿಂದಾದರೆ ಹಾಗಲ್ಲ. ಬೀಳುತ್ತದೆ, ಸ್ವಲ್ಪ ತಣ್ಣಗಾದ ಮೇಲೆ ಏರುತ್ತದೆ, ಮತ್ತೆ ಬೀಳುತ್ತದೆ. ಕಾಪಿ ವಿಂಡೊದ ಗ್ರಾಫ್ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ನಿಮ್ಮದು ಯಾವುದು? ಕಾಪಿ ನಡೆಯುತ್ತಿರುವಾಗಲೇ ಇದನ್ನು ಓಡಿಸಿ, ಬಂದದ್ದನ್ನು ಇಲ್ಲಿ ಹಾಕಿ:

```
smartctl -a /dev/sda
```

ಪ್ರವೀಣ್: ಇಷ್ಟೆಲ್ಲ ಯಾಕೆ ಸರ್? ಬೋರ್ಡ್ ಕವರ್ ಕೆಳಗೆ ಅಂಟಿಸಿ ಬರುವ ಥರ್ಮಲ್ ಪ್ಯಾಡ್ ಯಾವತ್ತೂ ಕಳಪೆ. 12 ವ್ಯಾಟ್ ವಾಹಕತೆಯ ಒಳ್ಳೆ ಪ್ಯಾಡ್ ಸಿಗುತ್ತದೆ, 2 ಎಂಎಂ ದಪ್ಪದ್ದು ಹಾಕಿ ಬಿಡಿ. ದಪ್ಪ ಇದ್ದಷ್ಟೂ ಬಿಸಿ ಚೆನ್ನಾಗಿ ಎಳೆಯುತ್ತದೆ.

ನಾಗರಾಜ್: ನನ್ನ ಲ್ಯಾಪ್‌ಟಾಪ್ ಎಸ್‌ಎಸ್‌ಡಿನೂ 68 ತೋರಿಸುತ್ತದೆ. ಸ್ಟಿಕರ್ ಕಿತ್ತು ತಾಮ್ರದ ಹೀಟ್‌ಸಿಂಕ್ ಅಂಟಿಸಲಾ?

ಶಿವಕುಮಾರ್: ನಾಗರಾಜ್ ಅವರೇ, ಬೇಡ. ಕೆಲಸದ ಮಧ್ಯೆ 68 ಅಂದರೆ ಡ್ರೈವ್ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಸ್ಟಿಕರ್ ಕಿತ್ತರೆ ವಾರಂಟಿಗೆ ತೊಂದರೆ. ಅದೂ ಅಲ್ಲದೆ ಲ್ಯಾಪ್‌ಟಾಪ್ ಒಳಗೆ ಜಾಗ ಇರುವುದಿಲ್ಲ. ಹೀಟ್‌ಸಿಂಕ್ ತಳದ ಮುಚ್ಚಳಕ್ಕೆ ಒತ್ತಿಕೊಂಡರೆ ಡ್ರೈವ್ ಬಾಗುತ್ತದೆ. ಸುಮ್ನೆ ಇರುವಾಗಲೂ 68 ಇದ್ದರೆ ಮಾತ್ರ ಬೇರೆ ಪೋಸ್ಟ್ ಹಾಕಿ, ನೋಡೋಣ.

ಪ್ರವೀಣ್, ಪ್ಯಾಡ್ ಮೇಲೆ ಬರೆದಿರುವ ವಾಹಕತೆ ಮುಖ್ಯ, ಸರಿ. ದಪ್ಪದ ಮಾತು ಉಲ್ಟಾ. ಪ್ಯಾಡ್ ಇರುವುದು ಸಂದು ತುಂಬುವುದಕ್ಕೆ. ಸಂದಿಗಿಂತ ಜಾಸ್ತಿ ದಪ್ಪ ಆದಷ್ಟೂ ಬಿಸಿಗೆ ದಾರಿ ಉದ್ದವಾಗುತ್ತದೆ. 1 ಎಂಎಂ ಸಂದಿಗೆ 2 ಎಂಎಂ ಪ್ಯಾಡ್ ತುರುಕಿ ಸ್ಕ್ರೂ ಬಿಗಿದರೆ ಡ್ರೈವ್ ಬಿಲ್ಲಿನಂತೆ ಬಾಗುತ್ತದೆ.

ವಾಹಕತೆಯ ಲೆಕ್ಕ ಒಂದು ಸಲ ಹಾಕಿ ನೋಡೋಣ. ಡ್ರೈವ್‌ನಲ್ಲಿ ಜಾಸ್ತಿ ಬಿಸಿಯಾಗುವುದು ಕಂಟ್ರೋಲರ್ ಚಿಪ್. ಅದು 14 ಎಂಎಂ ಚೌಕ, 5 ವ್ಯಾಟ್ ಬಿಸಿ ಬಿಡುತ್ತದೆ ಅಂತ ಇಟ್ಟುಕೊಳ್ಳಿ. 1 ಎಂಎಂ ದಪ್ಪದ, 6ರ ವಾಹಕತೆಯ ಪ್ಯಾಡ್ ಆದರೆ ಅದರ ಎರಡು ಮುಖಗಳ ನಡುವೆ 4 ಡಿಗ್ರಿ ಚಿಲ್ಲರೆ ವ್ಯತ್ಯಾಸ ನಿಲ್ಲುತ್ತದೆ. 12ರ ಪ್ಯಾಡ್ ಆದರೆ 2 ಡಿಗ್ರಿ ಚಿಲ್ಲರೆ. ಅಂದರೆ ದುಬಾರಿ ಪ್ಯಾಡ್‌ನಿಂದ ಉಳಿಯುವುದು ಎರಡೇ ಡಿಗ್ರಿ. ಅದೇ ಪ್ಯಾಡ್‌ಗೂ ಚಿಪ್‌ಗೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೆ ಕಥೆ ಮುಗಿಯಿತು. ಗಾಳಿಯ ವಾಹಕತೆ 0.026, ಪ್ಯಾಡ್‌ನ ಇನ್ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗಾಗಿ ನಾನು ಮೊದಲು ನೋಡುವುದು ಪ್ಯಾಡ್ ಮುಟ್ಟಿದೆಯಾ ಅಂತ. ಅದರ ಬ್ರ್ಯಾಂಡ್ ಆಮೇಲಿನ ಮಾತು.

ರೇಖಾ: ಗ್ರಾಫ್ ಗರಗಸದ ಹಾಗೇ ಇದೆ ಸರ್. 2.5ರಿಂದ 0.7ಕ್ಕೆ ಬಿದ್ದು, ಮತ್ತೆ 2ಕ್ಕೆ ಏರಿ, ಮತ್ತೆ ಬೀಳುತ್ತದೆ. ಕಮಾಂಡ್‌ನಲ್ಲಿ ಬಂದದ್ದು:

```
Warning  Comp. Temp. Threshold:     82 Celsius
Critical Comp. Temp. Threshold:     85 Celsius
Temperature:                        84 Celsius
Warning  Comp. Temperature Time:    47
Critical Comp. Temperature Time:    0
```

ಶಿವಕುಮಾರ್: ಹಾಗಾದರೆ ಬಿಸಿಯೇ. ಮೊದಲ ಎರಡು ಸಾಲು ನಿಮ್ಮ ಡ್ರೈವ್ ತಾನೇ ಹೇಳುವ ಮಿತಿ. ಬೇರೆ ಡ್ರೈವ್‌ಗೆ ಬೇರೆ ಇರುತ್ತದೆ, ಅದಕ್ಕೇ ಇನ್ನೊಬ್ಬರ ಡಿಗ್ರಿ ಜೊತೆ ಹೋಲಿಸಬಾರದು. 47 ಅನ್ನುವುದು ಮಿತಿ ದಾಟಿ ಕಳೆದ ನಿಮಿಷಗಳು, ಡ್ರೈವ್ ಹುಟ್ಟಿದಾಗಿನಿಂದ. ಈ ಸಂಖ್ಯೆ ಕಡಿಮೆಯಾಗುವುದಿಲ್ಲ. ಬರೆದಿಟ್ಟುಕೊಳ್ಳಿ, ರಿಪೇರಿ ಆದ ಮೇಲೆ ಅದು ಏರುವುದು ನಿಲ್ಲಬೇಕು.

ಅಂಗಡಿಯವರು ಸುಳ್ಳು ಹೇಳಿದ್ದಾರೆ ಅಂತಲ್ಲ. ರೂಮಿನ ಬಿಸಿ 10 ಡಿಗ್ರಿ ಏರಿದರೆ ಡ್ರೈವ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 25 ಡಿಗ್ರಿಯ ಎಸಿ ರೂಮಿನಲ್ಲಿ ಟೆಸ್ಟ್ ಮಾಡಿದ್ದರೆ 74 ತೋರಿಸಿರುತ್ತದೆ, ಎಲ್ಲ ಸರಿ ಅನಿಸಿರುತ್ತದೆ.

ಈಗ ಪಿಸಿ ಆಫ್ ಮಾಡಿ, ವೈರ್ ತೆಗೆದು, ಕವರ್ ಬಿಚ್ಚಿ. ನಿಧಾನಕ್ಕೆ ಬಿಚ್ಚಿ, ಪ್ಯಾಡ್ ಅಂಟಿಕೊಂಡು ಡ್ರೈವ್ ಕೂಡ ಮೇಲೆದ್ದು ಬರಬಹುದು. ಮೊದಲು ಪ್ಯಾಡ್ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಗೇ ಉಳಿದಿದೆಯಾ ನೋಡಿ. ನಮ್ಮ ಬೆಂಚಿಗೆ ಬರುವ ಬಿಸಿಯ ದೂರುಗಳಲ್ಲಿ ಇದೇ ಜಾಸ್ತಿ. ಹಾಳೆ ಇಲ್ಲದಿದ್ದರೆ ಪ್ಯಾಡ್ ಮೇಲಿನ ಅಚ್ಚು ನೋಡಿ. ಮುಟ್ಟಿದ ಪ್ರತಿ ಚಿಪ್‌ನ ಅಂಚು ಅದರಲ್ಲಿ ಮೂಡಿರಬೇಕು.

ರೇಖಾ: ಹಾಳೆ ಇಲ್ಲ, ತೆಗೆದಿದ್ದಾರೆ. ಅಚ್ಚು ಎರಡು ದೊಡ್ಡ ಚಿಪ್‌ಗಳದ್ದು ಚೆನ್ನಾಗಿ ಬಿದ್ದಿದೆ. ಕನೆಕ್ಟರ್ ಕಡೆ ಇರುವ ಸಣ್ಣ ಚೌಕದ ಚಿಪ್ ಇರುವ ಕಡೆ ಪ್ಯಾಡ್ ನುಣ್ಣಗಿದೆ.

ಶಿವಕುಮಾರ್: ಆ ಸಣ್ಣ ಚೌಕವೇ ಕಂಟ್ರೋಲರ್. ಕವರ್ ಮೆಮೊರಿ ಚಿಪ್‌ಗಳನ್ನು ತಂಪು ಮಾಡುತ್ತಿದೆ, ಬಿಸಿ ಹುಟ್ಟುವ ಜಾಗವನ್ನು ಮುಟ್ಟುತ್ತಲೇ ಇಲ್ಲ. ಮೊದಲು ಕವರ್‌ನ ಕೊಕ್ಕೆ ಆ ತುದಿಯಲ್ಲಿ ಸರಿಯಾಗಿ ಕೂತಿದೆಯಾ ನೋಡಿ. ಒಂದು ಕಡೆ ಕೊಕ್ಕೆ, ಇನ್ನೊಂದು ಕಡೆ ಸ್ಕ್ರೂ ಇರುವ ಕವರ್‌ಗಳಲ್ಲಿ ಕೊಕ್ಕೆಯ ತುದಿ ಎದ್ದಿರುವುದುಂಟು.

ಕೂತಿದ್ದೂ ಸಂದು ಇದ್ದರೆ ಅಳೆಯಿರಿ. ಮಕ್ಕಳು ಆಡುವ ಕ್ಲೇ ತಗೊಳ್ಳಿ (ಚಪಾತಿ ಹಿಟ್ಟು ಬೇಡ, ಅದರಲ್ಲಿ ನೀರಿರುತ್ತದೆ). ಕವರ್‌ನಿಂದ ಪ್ಯಾಡ್ ಬಿಡಿಸಿಡಿ. ಡ್ರೈವ್ ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಪ್ರತಿ ಚಿಪ್ ಮೇಲೂ ಕಡಲೆಬೇಳೆ ಗಾತ್ರದ ಉಂಡೆ ಇಟ್ಟು, ಕವರ್ ಕೂರಿಸಿ ಸ್ಕ್ರೂ ಹಾಕಿ ಬಿಚ್ಚಿ. ಚಪ್ಪಟೆಯಾದ ಉಂಡೆಯ ದಪ್ಪ ಅಳೆದರೆ ಸಂದು ಎಷ್ಟು ಅಂತ ಗೊತ್ತಾಗುತ್ತದೆ. ಪಿಸಿ ಆನ್ ಮಾಡುವ ಮೊದಲು ಕ್ಲೇ, ಹಾಳೆ ಎರಡೂ ತೆಗೆದಿದ್ದೀರಾ ಅಂತ ಇನ್ನೊಮ್ಮೆ ನೋಡಿ.

ಪ್ರವೀಣ್: ಪ್ಯಾಡ್ ಬದಲು ಆ ಜಾಗಕ್ಕೆ ಥರ್ಮಲ್ ಪೇಸ್ಟ್ ಹಚ್ಚಿದರೆ?

ಶಿವಕುಮಾರ್: ಪೇಸ್ಟ್ ಇರುವುದು ಎರಡು ಲೋಹ ಒತ್ತಿ ಕೂತಿರುವ ಕಡೆಗೆ. ಒಂದು ಎಂಎಂ ಸಂದಿನಲ್ಲಿ ಅದು ನಿಲ್ಲುವುದಿಲ್ಲ, ಹರಿದು ಸ್ಲಾಟ್ ಒಳಗೆ ಹೋಗುತ್ತದೆ.

ರೇಖಾ: ಕೊಕ್ಕೆ ಸರಿ ಇತ್ತು. ಗೆಳತಿಯ ವರ್ನಿಯರ್ ತಂದು ಅಳೆದೆ. ದೊಡ್ಡ ಚಿಪ್‌ಗಳ ಮೇಲೆ 0.9, ಕಂಟ್ರೋಲರ್ ಮೇಲೆ 1.3. ಹಳೆ ಪ್ಯಾಡ್ 1 ಎಂಎಂ.

ಶಿವಕುಮಾರ್: ಲೆಕ್ಕ ಕೂಡಿತು. 1 ಎಂಎಂ ಪ್ಯಾಡ್ 1.3ರ ಸಂದು ಮುಟ್ಟುವುದು ಹೇಗೆ? ಪೂರ್ತಿ ಬದಲಿಸಬೇಡಿ. ಹಳೆ ಪ್ಯಾಡ್ ದೊಡ್ಡ ಚಿಪ್‌ಗಳ ಮೇಲೆ ಹಾಗೇ ಇರಲಿ. ಕಂಟ್ರೋಲರ್ ಇರುವಷ್ಟು ಜಾಗದಲ್ಲಿ ಕತ್ತರಿಸಿ ತೆಗೆದು, ಅಲ್ಲಿ 1.5 ಎಂಎಂ ದಪ್ಪದ ಮೆತ್ತನೆಯ ಪ್ಯಾಡ್ ಇಡಿ. ಒತ್ತಿದಾಗ 1.3ಕ್ಕೆ ಬರುತ್ತದೆ. ಬೆರಳಲ್ಲಿ ಒತ್ತಿದರೆ ತಗ್ಗು ಬೀಳುವಂಥದ್ದೇ ಬೇಕು. ಜಾಸ್ತಿ ವಾಹಕತೆಯ ಕೆಲವು ಪ್ಯಾಡ್ ಗಟ್ಟಿ ಇರುತ್ತವೆ, ಅವು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 6ರದ್ದು ಸಾಕು.

ರೇಖಾ: ಹಾಕಿದೆ ಸರ್. ಅದೇ ರೂಮು, ಅದೇ 400 ಜಿಬಿ. ಈಗ 71ಕ್ಕಿಂತ ಮೇಲೆ ಹೋಗಲಿಲ್ಲ, 47 ಹಾಗೇ ಇದೆ. ಗರಗಸ ಹೋಯಿತು. ಆದರೆ 200 ಜಿಬಿ ಆದ ಮೇಲೆ ಸ್ಪೀಡ್ 1.4ಕ್ಕೆ ಇಳಿದು ಕೊನೆತನಕ ಅಲ್ಲೇ ಇತ್ತು. ಪ್ಯಾಡ್ ಇನ್ನೂ ಸರಿ ಕೂತಿಲ್ವಾ?

ಶಿವಕುಮಾರ್: ಸರಿಯಾಗಿಯೇ ಕೂತಿದೆ. ಇದು ನಾನು ಮೊದಲು ಹೇಳಿದ ಕ್ಯಾಶ್. 71ರಲ್ಲಿ ಸಮತಟ್ಟಾಗಿ ನಿಂತಿದೆ ಅಂದರೆ ಬಿಸಿಗೂ ಅದಕ್ಕೂ ಸಂಬಂಧ ಇಲ್ಲ. ಯಾವ ಹೀಟ್‌ಸಿಂಕ್ ಹಾಕಿದರೂ 1.4 ಹೋಗುವುದಿಲ್ಲ. ಡ್ರೈವ್‌ನಲ್ಲಿ ಖಾಲಿ ಜಾಗ ಜಾಸ್ತಿ ಇಟ್ಟರೆ ಕ್ಯಾಶ್ ಸ್ವಲ್ಪ ದೊಡ್ಡದಾಗಬಹುದು, ಅಷ್ಟೇ. ಇನ್ನೊಂದು ವಿಷಯ, ಕ್ಯಾಮೆರಾ ಕಾರ್ಡ್‌ನಿಂದ ಕಾಪಿ ಮಾಡುವಾಗ ಇದು ಯಾವುದೂ ಕಾಣುವುದಿಲ್ಲ. ಕಾರ್ಡ್ ರೀಡರ್ ಕೊಡುವ ವೇಗಕ್ಕೆ ಈ ಡ್ರೈವ್ ಬಿಸಿಯೇ ಆಗದು.

ಪ್ರವೀಣ್: ನನ್ನದೊಂದು ತಕರಾರು. ಮೆಮೊರಿ ಚಿಪ್ ಬೆಚ್ಚಗಿದ್ದಾಗ ಬರೆದರೆ ಡೇಟಾ ಜಾಸ್ತಿ ಕಾಲ ಉಳಿಯುತ್ತದೆ. ಹಾಗಾಗಿ ಕಂಟ್ರೋಲರ್ ಮೇಲೆ ಮಾತ್ರ ಪ್ಯಾಡ್ ಇಟ್ಟು ಉಳಿದದ್ದನ್ನು ಬಿಟ್ಟರೆ ಒಳ್ಳೆಯದಲ್ವಾ?

ಶಿವಕುಮಾರ್: ಬೆಚ್ಚಗೆ ಬರೆದು ತಣ್ಣಗೆ ಇಟ್ಟರೆ ಉಳಿಯುತ್ತದೆ ಅನ್ನುವುದು ನಿಜ. ಆದರೆ ಕವರ್ ಇದ್ದರೂ ನಮ್ಮ ಸೆಕೆಯಲ್ಲಿ ಆ ಚಿಪ್‌ಗಳು 50 ದಾಟಿಯೇ ಇರುತ್ತವೆ, ತಣ್ಣಗಾಗಿ ಕೆಡುವ ಮಾತೇ ಇಲ್ಲ. ಅವುಗಳ ಮೇಲಿನ ಪ್ಯಾಡ್ ತೆಗೆದರೆ ಬೋರ್ಡ್ ಮೂಲಕ ಹರಡಿದ ಬಿಸಿಗೆ ಒಂದು ದಾರಿ ಮುಚ್ಚುತ್ತದೆ. ನಾನಂತೂ ತೆಗೆಯುವುದಿಲ್ಲ.

ಪ್ರವೀಣ್: ನಾನು ನನ್ನ ಡ್ರೈವ್‌ನಲ್ಲಿ ತೆಗೆದೇ ಇಟ್ಟಿದ್ದೇನೆ, 76 ಬರುತ್ತದೆ. ತೊಂದರೆ ಕಂಡಿಲ್ಲ.

ರೇಖಾ: ಕೊನೆಯ ಪ್ರಶ್ನೆ. ಎಕ್ಸ್‌ಪೋರ್ಟ್ ಮಾಡುವಾಗ ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗಿ ಇದೇ ಡ್ರೈವ್ 78ಕ್ಕೆ ಹೋಗುತ್ತದೆ. ಕೆಳಗಿನ ಸ್ಲಾಟ್‌ಗೆ ಹಾಕಲಾ?

ಶಿವಕುಮಾರ್: 82ರ ಒಳಗಿದೆ, ಅವಸರ ಇಲ್ಲ. ಮೇಲಿನ ಸ್ಲಾಟ್ ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡ್‌ಗೂ ನಡುವೆ ಇರುವುದರಿಂದ ಕಾರ್ಡ್‌ನ ಬಿಸಿ ಗಾಳಿ ಅಲ್ಲೇ ಹಾಯುತ್ತದೆ. ಕೆಳಗಿನ ಸ್ಲಾಟ್ ಕೆಲವು ಬೋರ್ಡ್‌ಗಳಲ್ಲಿ ಅರ್ಧ ವೇಗದ್ದು, ಕೆಲವು ಕಡೆ ಅದಕ್ಕೆ ಕವರ್ ಕೂಡ ಇರುವುದಿಲ್ಲ. ಮ್ಯಾನ್ಯುಯಲ್ ನೋಡದೆ ಬದಲಿಸಬೇಡಿ. ಅದಕ್ಕಿಂತ ಮೊದಲು ಕ್ಯಾಬಿನೆಟ್‌ನ ಮುಂದಿನ ಫ್ಯಾನ್ ಸ್ವಲ್ಪ ಏರಿಸಿ. ನಿಧಾನಕ್ಕೆ ತಿರುಗುವ ಫ್ಯಾನ್ ಆದರೂ ಕವರ್ ಮೇಲೆ ಗಾಳಿ ಹಾಯಿಸಿದರೆ ಡಿಗ್ರಿ ಇಳಿಯುತ್ತದೆ. ಮೇ ತಿಂಗಳಲ್ಲಿ ಒಂದು ದೊಡ್ಡ ಎಕ್ಸ್‌ಪೋರ್ಟ್ ಆದ ಮೇಲೆ ಅದೇ ಕಮಾಂಡ್ ಓಡಿಸಿ ನೋಡಿ. 47 ಏರಿದ್ದರೆ ಸ್ಲಾಟ್ ಬದಲಿಸುವುದನ್ನು ಯೋಚಿಸೋಣ.