ಅಪ್‌ಡೇಟ್: ಪಿಪಿಎಫ್ ಪಾಸ್‌ಬುಕ್‌ನಲ್ಲಿ ಬಡ್ಡಿ ಕಡಿಮೆಯಾದುದರ ಕಾರಣ

ನನ್ನ ಪ್ರಶ್ನೆ: ಏಪ್ರಿಲ್ 4ರಂದೇ 1,50,000 ರೂಪಾಯಿಯ ಚೆಕ್ ಕೊಟ್ಟಿದ್ದರೂ ವರ್ಷದ ಬಡ್ಡಿ 10,650 ರೂಪಾಯಿಯ ಬದಲು 9,762.50 ಏಕೆ ಬಂದಿದೆ?

ಅಪ್‌ಡೇಟ್: ಪಾಸ್‌ಬುಕ್‌ನ ದಿನಾಂಕದ ಅಂಕಣವನ್ನು ನೋಡಿದಾಗ ಕಾರಣ ತಿಳಿಯಿತು. ಪ್ರತಿ ತಿಂಗಳ 5ನೇ ತಾರೀಖಿನ ಮುಕ್ತಾಯದಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಕನಿಷ್ಠ ಮೊತ್ತಕ್ಕೆ ಮಾತ್ರ ಆ ತಿಂಗಳ ಬಡ್ಡಿ ಲೆಕ್ಕವಾಗುತ್ತದೆ. ಚೆಕ್ಕಿನ ವಿಷಯದಲ್ಲಿ ಅದನ್ನು ಕೊಟ್ಟ ದಿನವಲ್ಲ, ನಗದಾದ ದಿನವೇ ಜಮೆಯ ದಿನ. ನನ್ನ ಚೆಕ್ ಜಮೆಯಾದದ್ದು 7ರಂದು. ಆದ್ದರಿಂದ ಶೇ 7.1ರ ದರದಲ್ಲಿ ಏಪ್ರಿಲ್ ತಿಂಗಳ 887.50 ರೂಪಾಯಿ ಸೇರಲಿಲ್ಲ, ಉಳಿದ 11 ತಿಂಗಳ ಬಡ್ಡಿಯಷ್ಟೇ ಮಾರ್ಚ್ 31ರಂದು ಒಟ್ಟಾಗಿ ನಮೂದಾಗಿದೆ. ವರ್ಷದ ಹಣವನ್ನು ಒಂದೇ ಕಂತಿನಲ್ಲಿ ಕಟ್ಟುವವರು, ಅದರಲ್ಲೂ ಚೆಕ್ ಬಳಸುವವರು, ಏಪ್ರಿಲ್ 5ರೊಳಗೆ ಅದು ನಗದಾಗುವಂತೆ ಮುಂಚಿತವಾಗಿ ಸಲ್ಲಿಸುವುದು ಒಳ್ಳೆಯದು.