ಬೀದರ ಕೋಟೆದಾಗ ತಗದ ಫೋಟೋ, ಮುಖ ಕಪ್ಪಾಗ್ಯದ

ಕೋಟೆಓಣಿ: ಸಂಜಿ ಐದಕ್ಕ ಕೋಟೆದಾಗ ತಂಗಿ ಫೋಟೋ ತಗದೀನಿ. ಬೆನ್ನ ಹಿಂದ ಸೂರ್ಯ, ಮುಖ ಕಪ್ಪು. ರಾ ಫೈಲ್ ಅದ. ಲೈಟ್‌ರೂಮ್‌ದಾಗ Shadows ಪೂರಾ 100 ಎಳದ್ರ ಮುಖ ಕಾಣ್ತದ, ಆದ್ರ ಫೋಟೋಕ್ಕ ಬೂದಿ ಬಳದಂಗ ಆಗ್ತದ. ಏನ್ ಮಾಡ್ಲಿ?

ಹಳೆ_ಸ್ಟುಡಿಯೋ: ಮೊದಲ ಅದನ್ನ 20ಕ್ಕ ಇಳಸ್ರಿ. ಮುಖ ಯಾವುದು, ಹಿಂದಿನ ಕಮಾನಿನ ಕತ್ತಲ ಯಾವುದು ಅಂತ ಆ ಸ್ಲೈಡರ್‌ಗೆ ತಿಳಿಯಂಗಿಲ್ಲ, ಎರಡೂ ಎತ್ತತದ. ಕಮಾನು ಕಪ್ಪಾಗೇ ಇರಬೇಕು. ಆಮ್ಯಾಲೆ ಮಾಸ್ಕ್‌ದಾಗ Select Subject ಹಚ್ಚಿ, Exposure 0.70 ಕೊಡ್ರಿ. ಇನ್ನೊಂದು ಮಾಸ್ಕ್ ಬರೇ ಮುಖಕ್ಕ, ಅದಕ್ಕ 0.50. ಎರಡೂ ಕೂಡಿ ಮುಖಕ್ಕ 1.20 ಬೀಳ್ತದ, ಕೈ ಕುತ್ತಿಗಿಗೆ 0.70 ಅಷ್ಟೇ. ಬರೇ ಮುಖ ಒಂದೇ ಎತ್ತಿದ್ರ ಕಪ್ಪು ಕುತ್ತಿಗಿ ಮ್ಯಾಲೆ ಬ್ಯಾರೆ ಯಾರದೋ ತಲಿ ಇಟ್ಟಂಗ ಕಾಣ್ತದ.

ಸೇಡಂ_ರಸ್ತೆ: "ಮುಖ ಎತ್ತಿದ್ರ" ಅಂತೀರಿ. ತಪ್ಪು ಆಗಿದ್ದು ತಗಿಯೂವಾಗ. ಆಕಾಶಕ್ಕ ಮೀಟರ್ ಮಾಡ್ಬೇಕು, ಪೂರಾ ಬೆಳ್ಳಗಾಗಿ ಹಾರಿದ ಆಕಾಶ ತಿರುಗಿ ಬರಂಗಿಲ್ಲ. ಮುಖ ಎಷ್ಟೇ ಕಪ್ಪಿದ್ರೂ ರಾದಾಗ ಎತ್ತಬಹುದು. ನಾ ಹತ್ತು ವರ್ಷದಿಂದ ಹಂಗೇ ತಗೀತೀನಿ.

ಬೆಳಕು_ಯಾದಗಿರಿ: "ಎಷ್ಟೇ ಕಪ್ಪಿದ್ರೂ"? ಇದು ಸುಳ್ಳು. ಮುಖ ಮೂರು ಸ್ಟಾಪ್ ಕೆಳಗಿದ್ರ ಸೆನ್ಸರ್‌ಗೆ ಎಂಟರಾಗ ಒಂದು ಪಾಲು ಬೆಳಕು ಬಿದ್ದಿರ್ತದ. ಅದನ್ನ ಎಂಟು ಪಟ್ಟು ಮಾಡಿದ್ರ ಗದ್ದಲಾನೂ ಎಂಟು ಪಟ್ಟು. ಗಲ್ಲದ ಮ್ಯಾಲೆ ಕೆಂಪು ಹಸರು ಚುಕ್ಕಿ ಏಳ್ತಾವ. ಮುಖಕ್ಕ ಮೀಟರ್ ಮಾಡ್ರಿ, ಆಕಾಶ ಬೆಳ್ಳಗಾದ್ರ ಆಗ್ಲಿ.

ಸೇಡಂ_ರಸ್ತೆ: "ಬೆಳ್ಳಗಾದ್ರ ಆಗ್ಲಿ" ಅನ್ನೂದು ಸೋಮಾರಿತನ ಅದ. ಸಂಜಿ ಬಣ್ಣಕ್ಕಂತನೇ ಅಷ್ಟು ದೂರ ಹೋಗಿದ್ರು. ನನ್ನ ಕ್ಯಾಮೆರಾದಾಗ ISO 100ಕ್ಕ ಮೂರು ಸ್ಟಾಪ್ ಎತ್ತೀನಿ, ಏನೂ ಆಗಿಲ್ಲ.

ಬೆಳಕು_ಯಾದಗಿರಿ: ISO 100 ಅಂತ ಈಗ ಹೇಳ್ತೀರಿ! ISO 1600ಕ್ಕ ಅಷ್ಟೇ ಎತ್ತಿ ತೋರಿಸ್ರಿ. ಫೋನಿನಾಗ ಸಣ್ಣದು ಮಾಡಿ ನೋಡಿದ್ರ ಯಾರಿಗೂ ಗದ್ದಲ ಕಾಣಂಗಿಲ್ಲ.

ತೊಗರಿ_ಹೊಲ: ನಂದೂ ಇದೇ ಸಮಸ್ಯಾ ಅದ್ರಿ. ಮದುವಿ ಫೋಟೋ ವಾಟ್ಸಾಪ್‌ದಾಗ ಬಂದದ, ಅವ್ವನ ಮುಖ ಕಪ್ಪು. ಎತ್ತಿದ್ರ ಮುಖದ ಮ್ಯಾಲೆ ಚೌಕ ಚೌಕ ಬರ್ತಾವ. ಯಾವ ಮಾಸ್ಕ್ ಹಾಕ್ಲಿ?

ಹಳೆ_ಸ್ಟುಡಿಯೋ: ಅದಕ್ಕ ಮಾಸ್ಕ್ ಉಪಯೋಗಕ್ಕ ಬರಂಗಿಲ್ಲ ತಮ್ಮಾ. ವಾಟ್ಸಾಪ್ ಫೈಲ್ ಒತ್ತಿ ಸಣ್ಣದು ಮಾಡ್ತದ, ಕತ್ತಲಿನ ವಿವರ ಮೊದಲ ಹೋಗ್ತದ. ತಗದವರ ಹತ್ರ ಮೂಲ ಫೈಲ್ ಕೇಳು.

ಸೇಡಂ_ರಸ್ತೆ: ನೋಡ್ರಿ, "ಮೂಲ ಫೈಲ್" ಇದ್ರ ಬರ್ತದಂತ ಅವರೇ ಒಪ್ಪಿದ್ರು. ನಾ ಹೇಳಿದ್ದೂ ಅದೇ.

ಹಳೆ_ಸ್ಟುಡಿಯೋ: ನಾ ಹೇಳಿದ್ದು ಅದಲ್ಲ. ಆಕಾಶ ಉಳಸೂದು ಖರೇ, ಆದ್ರ ತಗಿಯೂವಾಗ ಅದಕ್ಕ ಬೇಕಾದಷ್ಟೇ ಬೆಳಕು ಇಳಸ್ಬೇಕು. ಈ ಹುಡುಗ ಫೋಟೋ ತಗದಾಗ್ಯದ, ನೀವಿಬ್ರೂ ಇನ್ನೂ ಮೀಟರ್ ಹಿಡಕೊಂಡು ಕೂತೀರಿ.

ಬೆಳಕು_ಯಾದಗಿರಿ: "ಆಕಾಶ ಉಳಸೂದು ಖರೇ" ಅಂದ್ರ ನೀವೂ ಅವರ ಕಡಿನೇ. ಒಂದು ಬಿಳಿ ಧೋತರ ಮುಂದ ಹಿಡಿದಿದ್ರ ಇದೆಲ್ಲಾ ಬೇಕಾಗ್ತಿರ್ಲಿಲ್ಲ. ನಾ ಇಲ್ಲಿಗೆ ನಿಲ್ಲಸ್ತೀನಿ.

ಕೋಟೆಓಣಿ: ಹಳೆ ಸ್ಟುಡಿಯೋ ಸರ, ನೀವು ಹೇಳ್ದಂಗ ಮಾಡ್ದೆ. ಕಮಾನು ಕಪ್ಪಾಯ್ತು, ಮುಖ ಬಂತು. ಆದ್ರ ಕೂದಲ ಸುತ್ತ ಬೆಳ್ಳನ ಗೆರಿ ಎದ್ದದ. ಗದ್ದದ ಕೆಳಗ ಕೆಂಪು ಕೆಂಪು ಕಾಣ್ತದ.

ಹಳೆ_ಸ್ಟುಡಿಯೋ: ಗೆರಿ ಅಂದ್ರ ಮಾಸ್ಕ್ ಆಕಾಶದೊಳಗ ಚಾಚ್ಯದ. O ಒತ್ರಿ, ಮಾಸ್ಕ್ ಬಿದ್ದ ಜಾಗ ಕೆಂಪಾಗಿ ಕಾಣ್ತದ, 100%ಕ್ಕ ಹಿಗ್ಗಿಸಿ ನೋಡ್ರಿ. ಆಮ್ಯಾಲೆ ಅದೇ ಮಾಸ್ಕ್‌ದಾಗ Subtract ಒತ್ತಿ Luminance Range ಆರಿಸಿ, ಬೆಳ್ಳನ ಆಕಾಶದ ಮ್ಯಾಲೆ ಒತ್ರಿ. ಕೂದಲ ನಡುವಿನ ಬೆಳಕೆಲ್ಲಾ ಮಾಸ್ಕ್ ಬಿಟ್ಟು ಹೋಗ್ತದ. ಗದ್ದದ ಕೆಂಪು ಕೋಟೆ ನೆಲದ್ದು. ಕೆಂಪು ಕಲ್ಲು, ಕೆಂಪು ಮಣ್ಣು, ಬಿಸಿಲು ಬಿದ್ದು ಕೆಳಗಿಂದ ಪುಟದೇಳ್ತದ. ಕತ್ತಲಿದ್ದಾಗ ಕಂಡಿರ್ಲಿಲ್ಲ, ಎತ್ತಿದ ಕೂಡ್ಲೇ ಕಂಡದ. ಅಲ್ಲಿ ಮೆತ್ತನ ಬ್ರಷ್ ಹಚ್ಚಿ Saturation 15 ಇಳಸ್ರಿ. ಪೂರಾ ತಗೀಬ್ಯಾಡ್ರಿ, ಆ ಜಾಗದ ಬೆಳಕದು.

ಸೇಡಂ_ರಸ್ತೆ: "ಪೂರಾ ತಗೀಬ್ಯಾಡ್ರಿ" ಯಾಕ? ಮುಖ ಆಕಾಶದಷ್ಟೇ ಬೆಳಗಬೇಕು, ಚರ್ಮ ಸ್ವಚ್ಛ ಇರಬೇಕು. ಗಿರಾಕಿ ಕೇಳೂದು ಅದನ್ನ.

ಹಳೆ_ಸ್ಟುಡಿಯೋ: ಮುಖ ಆಕಾಶದಷ್ಟು ಬೆಳಗಿದ್ರ ಸೂರ್ಯ ಎಲ್ಲಿದ್ದ ಅಂತ ನೋಡೋರಿಗೆ ತಿಳಿಯಂಗಿಲ್ಲ. ಕತ್ತರಿಸಿ ಅಂಟಿಸಿದಂಗ ಕಾಣೂದು ಅದಕ್ಕೇ. ಆಕಾಶಕ್ಕಿಂತ ಮುಖ ಒಂದು ಸ್ಟಾಪ್ ಆದ್ರೂ ಕೆಳಗಿರ್ಲಿ.

ಸೇಡಂ_ರಸ್ತೆ: ಒಂದು ಸ್ಟಾಪ್ ಅಂತ ಯಾರು ಬರದಿಟ್ಟಾರ? ನನ್ನ ಗಿರಾಕಿ ಒಬ್ರೂ ತಿರುಗಿ ಕಳಿಸಿಲ್ಲ.

ಕೋಟೆಓಣಿ: ಕೂದಲ ಗೆರಿ ಹೋಯ್ತು ಸರ. ಆದ್ರ ತಂಗಿ ಬಿಳಿ ದುಪಟ್ಟಾನೂ ಆಕಾಶದ ಜೋಡಿ ಮಾಸ್ಕ್ ಬಿಟ್ಟು ಹೋಗಿ ಮಾಸಿದಂಗ ಕಾಣ್ತದ. ಅದಕ್ಕ?

ಹಳೆ_ಸ್ಟುಡಿಯೋ: ದುಪಟ್ಟಾ ಮ್ಯಾಲೆ Add ಬ್ರಷ್‌ಲೆ ಕೈಯಿಂದ ಬಳೀರಿ. ತೆಳ್ಳನ ಅಂಚಿನಾಗ ಆಕಾಶ ಹಾದು ಕಾಣ್ತಿದ್ರ ಅಷ್ಟು ಬಿಡ್ರಿ, ಅಲ್ಲಿ ಬಟ್ಟಿ ಯಾವುದು ಆಕಾಶ ಯಾವುದು ಅಂತ ಬಿಡಿಸ್ಲಿಕ್ಕೆ ನನಗೂ ಆಗಿಲ್ಲ.