ಪದ ಬೇಕು: ‘ಆಸಿಡ್-ಫಾಸ್ಟ್’, ಸೋಮವಾರ ಪ್ರಿಂಟಿಗೆ ಹೋಗಬೇಕು

ರೇಖಾ, ಹನುಮಂತನಗರ:

ಎಲ್ಲರಿಗೂ ನಮಸ್ಕಾರ. ಒಂದು ಲ್ಯಾಬಿನ ಗೋಡೆಗೆ ಕಫ ಪರೀಕ್ಷೆಯ ಚಾರ್ಟನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೀಲ್-ನೀಲ್ಸನ್ ವಿಧಾನದ್ದು. ಸೋಮವಾರ ಬೆಳಿಗ್ಗೆ ಪ್ರೆಸ್ಸಿಗೆ ಫೈಲ್ ಕೊಡಬೇಕು. ಮಿಕ್ಕಿದ್ದೆಲ್ಲ ಆಯ್ತು, ‘ಆಸಿಡ್-ಫಾಸ್ಟ್ ಬ್ಯಾಸಿಲೈ’ ಒಂದೇ ಗಂಟಲಲ್ಲಿ ಸಿಕ್ಕಿಕೊಂಡಿದೆ. ನನ್ನ ಕೈಗೆ ಬಂದ ಹಳೆ ಕರಡಿನಲ್ಲಿ ‘ಆಮ್ಲವೇಗಿ ದಂಡಾಣು’ ಅಂತಿತ್ತು. ಫಾಸ್ಟ್ ಅಂದರೆ ವೇಗ ಅಂದುಕೊಂಡಿದ್ದಾರೆ, ಪಾಪ. ನಾನು ‘ಆಮ್ಲ ನಿರೋಧಕ ದಂಡಾಣು’ ಅಂತ ಹಾಕಿದ್ದೇನೆ. ಸರಿಯಾ? ಅಥವಾ ಸುಮ್ನೆ ‘ಕ್ಷಯದ ಬ್ಯಾಕ್ಟೀರಿಯಾ’ ಅಂದುಬಿಡಲಾ?

ಗುರುರಾಜ:

ಎರಡೂ ಬೇಡ. ಆಮ್ಲವೂ ಸಂಸ್ಕೃತ, ನಿರೋಧಕವೂ ಸಂಸ್ಕೃತ, ದಂಡವೂ ಸಂಸ್ಕೃತ. ಇದರಲ್ಲಿ ಕನ್ನಡ ಎಲ್ಲಿದೆ? ‘ಹುಳಿ’ ಇದೆ. ಹಳಗನ್ನಡದ ಪುಳಿ, ತಮಿಳಿನಲ್ಲಿ ಇವತ್ತಿಗೂ ಪುಳಿ. ‘ಹುಳಿಗಂಜದ ಕಡ್ಡಿಜೀವಿ’ ಅಂತ ಹಾಕಿ. ಚರ್ಚೆ ಮುಗಿಯಿತು.

ಪುಟ್ಟಸ್ವಾಮಿ, ನಿವೃತ್ತ ಲ್ಯಾಬ್ ಟೆಕ್ನಿಷಿಯನ್:

ಮುಗಿದಿಲ್ಲ ಗುರುರಾಜರೇ. ಅಂಜೋದು, ಅಂಜದೇ ಇರೋದು ಇಲ್ಲಿ ಪ್ರಶ್ನೆಯೇ ಅಲ್ಲ. ಆಸಿಡ್ ಬೀಳುವ ಹೊತ್ತಿಗೆ ಆ ಕ್ರಿಮಿ ಬೆಂಕಿ ಕಂಡಿದೆ, ಫೀನಾಲ್ ಕಂಡಿದೆ. ಅದು ಬದುಕಿದೆಯೋ ಸತ್ತಿದೆಯೋ ಯಾರೂ ನೋಡುವುದಿಲ್ಲ. ನೋಡುವುದು ಬಣ್ಣವನ್ನು.

ಕೆಲಸ ಹೇಗೆ ನಡೆಯುತ್ತದೆ ಹೇಳುತ್ತೇನೆ, ಪದ ಅಲ್ಲೇ ಸಿಗುತ್ತದೆ. ಕಫವನ್ನು ಸ್ಲೈಡಿನ ಮೇಲೆ ತೆಳ್ಳಗೆ ಹರಡಿ, ಒಣಗಿಸಿ, ಉರಿಯ ಮೇಲೆ ಆಡಿಸಿ ಅಂಟಿಸುತ್ತೇವೆ. ಮೇಲೆ ಕಾರ್ಬಾಲ್ ಫುಕ್ಸಿನ್ ಸುರಿಯುತ್ತೇವೆ, ಕಡು ಕೆಂಪು. ಕೆಳಗಿನಿಂದ ಬಿಸಿ ಕೊಡುತ್ತೇವೆ. ಹಬೆ ಏಳಬೇಕು, ಕುದಿ ಬರಬಾರದು, ಬಣ್ಣ ಒಣಗಲೂ ಬಾರದು. 5 ನಿಮಿಷ ಬಿಟ್ಟು ತೊಳೆಯುತ್ತೇವೆ. ಆಗ ಎಲ್ಲವೂ ಕೆಂಪು: ಕಫ, ಜೀವಕೋಶ, ಬೇರೆ ಬ್ಯಾಕ್ಟೀರಿಯಾ, ಎಲ್ಲ. ಆಮೇಲೆ 25% ಗಂಧಕಾಮ್ಲ, 2ರಿಂದ 4 ನಿಮಿಷ. ಅದಕ್ಕೆ ಮಿಕ್ಕ ಎಲ್ಲವೂ ಬಣ್ಣ ಬಿಟ್ಟುಕೊಡುತ್ತವೆ, ಇದು ಮಾತ್ರ ಬಿಡುವುದಿಲ್ಲ. ಇದರ ಗೋಡೆ ಮೇಣದಂತಿದೆ. ಬಿಸಿಯಲ್ಲಿ ಒಳಗೆ ಹೋದ ಬಣ್ಣ ಹೊರಗೆ ಬರುವುದಿಲ್ಲ. ಕೊನೆಗೆ ಮಿಥಿಲೀನ್ ಬ್ಲೂ ಹಾಕಿದರೆ ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳು.

ಹಾಗಾಗಿ ನನ್ನ ಮಟ್ಟಿಗೆ ‘ಆಸಿಡ್‌ಗೆ ಬಣ್ಣ ಬಿಡದ ಕಡ್ಡಿ’. ‘ಕ್ಷಯದ ಬ್ಯಾಕ್ಟೀರಿಯಾ’ ಅಂತ ದಯವಿಟ್ಟು ಹಾಕಬೇಡಿ ರೇಖಾ. ಕುಷ್ಠದ್ದೂ ಹೀಗೇ ಬಣ್ಣ ಹಿಡಿದುಕೊಳ್ಳುತ್ತದೆ, ಆದರೆ ಇಷ್ಟು ಗಟ್ಟಿಯಾಗಿ ಅಲ್ಲ. ಅದಕ್ಕೆ 5% ಆಸಿಡ್ ಬಳಸುತ್ತೇವೆ, 25% ಹಾಕಿದರೆ ಅದರ ಬಣ್ಣವೂ ಹೋಗಬಹುದು. ನಲ್ಲಿ ನೀರಿನಲ್ಲೂ ಈ ಜಾತಿಯ ನಿರುಪದ್ರವಿಗಳು ಇರುತ್ತವೆ, ತೊಳೆಯುವಾಗ ಸ್ಲೈಡಿಗೆ ಹತ್ತಿ ಮೋಸ ಮಾಡುತ್ತವೆ. ಸ್ಲೈಡ್ ಹೇಳುವುದು ಬಣ್ಣ ಬಿಡಲಿಲ್ಲ ಅನ್ನುವುದನ್ನಷ್ಟೇ.

ಶಾಂತಾ, ಚಿಕ್ಕಪೇಟೆ:

ನಾನು ಸೀರೆ ಅಂಗಡಿಯವಳು, ಸೈನ್ಸ್ ಗೊತ್ತಿಲ್ಲ. ಆದರೆ ಈ ‘ಫಾಸ್ಟ್’ ನಮ್ಮದೇ ಅಲ್ವಾ? ‘ಫಾಸ್ಟ್ ಕಲರ್’ ಅಂತ ಲೇಬಲ್ ಇರುತ್ತೆ. ಗಿರಾಕಿಗೆ ‘ಬಣ್ಣ ಹೋಗಲ್ಲ ಅಮ್ಮ, ಪಕ್ಕಾ ಕಲರ್’ ಅಂತೀವಿ. ನಂಬದಿದ್ದರೆ ಬಿಳಿ ಕರ್ಚೀಫ್ ಒದ್ದೆ ಮಾಡಿ ಸೆರಗಿನ ಮೇಲೆ ಉಜ್ಜಿ ತೋರಿಸುತ್ತೀವಿ. ಒಂದು ಸಲ ಹಾಗೆ ಉಜ್ಜಿ ತೋರಿಸಿದ ಕೆಂಪು ಸೀರೆ, ಮನೆಗೆ ಹೋಗಿ ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು. ಆಯಮ್ಮ ಬಂದು ಮಾಡಿದ ಗಲಾಟೆ ಕೇಳಬೇಡಿ.

ಪುಟ್ಟಸ್ವಾಮಿ:

ಶಾಂತಮ್ಮ, ಸರಿಯಾದ ಜಾಗಕ್ಕೇ ಬಂದಿರಿ. ಆ ಕರ್ಚೀಫಿನ ಬದಲು ನಮ್ಮದು ಆಸಿಡ್, ಅಷ್ಟೇ. ನಮಗೂ ಒಗೆತ ಕಮ್ಮಿಯಾದರೆ ಮೋಸ. ಕಫ ದಪ್ಪಗೆ ಹರಡಿದ್ದರೆ ಅಥವಾ ಆಸಿಡ್‌ನ ಶಕ್ತಿ ಸಾಲದಿದ್ದರೆ ಹಿನ್ನೆಲೆಯೇ ಗುಲಾಬಿ ಆಗಿ ಉಳಿಯುತ್ತದೆ. ಅಂಥ ಸ್ಲೈಡ್ ಓದಬಾರದು. ಕ್ರಿಮಿ ಇದೆ ಅಂತ ಗೊತ್ತಿರುವ ಒಂದು, ಇಲ್ಲ ಅಂತ ಗೊತ್ತಿರುವ ಒಂದು ಸ್ಲೈಡನ್ನು ಜೊತೆಗೇ ಬಣ್ಣಕ್ಕೆ ಹಾಕಿದರೆ ತಪ್ಪು ಎಲ್ಲಿ ಅಂತ ತಿಳಿಯುತ್ತದೆ.

ಸವಿತಾ:

ಕ್ಷಮಿಸಿ, ನಡುವೆ ಬರುತ್ತಿದ್ದೇನೆ. ಹೋದ ವರ್ಷ ನಮ್ಮ ಮಾವನ ಕಫದ ರಿಪೋರ್ಟಿನಲ್ಲಿ ಯಾರೋ ಕನ್ನಡದಲ್ಲಿ ‘ಆಮ್ಲ ನಿರೋಧಕ ದಂಡಾಣು 1+’ ಅಂತ ಬರೆದುಕೊಟ್ಟಿದ್ದರು. ಮದ್ದಿಗೆ ಬಗ್ಗದ ಟಿ.ಬಿ. ಅಂತ ಇದೇ ತಾನೇ? ಮನೆಯಲ್ಲಿ ಎರಡು ದಿನ ಒಲೆ ಹಚ್ಚಿಲ್ಲ. ಆದರೆ ಮಾವ ಮಾಮೂಲಿ ಮಾತ್ರೆಯಲ್ಲೇ 6 ತಿಂಗಳಲ್ಲಿ ವಾಸಿಯಾದರು. ನನಗೆ ಇವತ್ತಿಗೂ ಅರ್ಥವಾಗಿಲ್ಲ.

ರೇಖಾ:

ಅಯ್ಯೋ. ನಾನು ಬರೆದದ್ದೂ ಅದೇ ಪದ.

ಪುಟ್ಟಸ್ವಾಮಿ:

ಸವಿತಾ ಅವರೇ, ಅಲ್ಲ. ಸ್ಲೈಡ್ ನೋಡಿ ಮದ್ದಿಗೆ ಬಗ್ಗುತ್ತದೋ ಇಲ್ಲವೋ ಯಾರಿಗೂ ಹೇಳಲಾಗದು. ಎರಡೂ ಕಡ್ಡಿ ಒಂದೇ ಥರ ಕೆಂಪಗೆ ಕಾಣುತ್ತವೆ. ಅದಕ್ಕೆ ಜೀನ್ ಪರೀಕ್ಷೆ ಬೇಕು, ಇಲ್ಲವೇ ಮದ್ದು ಬೆರೆಸಿದ ಮಾಧ್ಯಮದಲ್ಲಿ ಬೆಳೆಸಿ ನೋಡಬೇಕು. ಲೊವೆನ್‌ಸ್ಟೈನ್-ಜೆನ್ಸನ್ ಅಂತ ಮೊಟ್ಟೆ ಹಾಕಿ ಮಾಡುವ ಹಸಿರು ಮಾಧ್ಯಮ, ಅದರಲ್ಲಿ ಬೆಳೆಯಲು ವಾರಗಟ್ಟಲೆ ಬೇಕು. 8 ವಾರ ಕಾದೇ ‘ಇಲ್ಲ’ ಅನ್ನುತ್ತೇವೆ. 1+ ಅಂದರೆ ಸೂಕ್ಷ್ಮದರ್ಶಕದ 100 ನೋಟಗಳಲ್ಲಿ 10ರಿಂದ 99 ಕಡ್ಡಿ ಕಂಡವು ಅಂತ, ಅಷ್ಟೇ. ಬರೀ ಲೆಕ್ಕ.

ರೇಖಾ, ಈಗ ಗೊತ್ತಾಯ್ತಲ್ಲ? ಟಿ.ಬಿ. ವಿಷಯದಲ್ಲಿ ‘ನಿರೋಧಕ’ ಅಂದ ಕೂಡಲೇ ಜನಕ್ಕೆ ‘ಔಷಧ ನಿರೋಧಕ’ ನೆನಪಾಗುತ್ತದೆ. ಆ ಪದ ಇನ್ನೊಂದು ಕೆಲಸಕ್ಕೆ ಆಗಲೇ ಸೇರಿಕೊಂಡಿದೆ. ಅದನ್ನು ಇಲ್ಲಿಗೆ ತರಬೇಡಿ.

ಗುರುರಾಜ:

‘ಬಣ್ಣ ಬಿಡದ’ ಒಪ್ಪುತ್ತೇನೆ, ಅಚ್ಚಗನ್ನಡ. ಆದರೆ ‘ಆಸಿಡ್‌ಗೆ’ ಯಾಕೆ? ‘ಹುಳಿಗೆ ಬಣ್ಣ ಬಿಡದ ಕಡ್ಡಿ’ ಅನ್ನಿ.

ನಾಗೇಶ:

ಬಣ್ಣ ಅಚ್ಚಗನ್ನಡವಾ? ವರ್ಣದ ತದ್ಭವ ಸ್ವಾಮಿ. ಸ್ಕೂಲಲ್ಲಿ ತತ್ಸಮ-ತದ್ಭವ ಪಟ್ಟಿ ಬಾಯಿಪಾಠ ಮಾಡಿಸಲಿಲ್ಲವೇ?

ಗುರುರಾಜ:

ತದ್ಭವ ನಮ್ಮ ನಾಲಿಗೆಗೆ ಪಳಗಿದ ಪದ. ಅದು ಬೇರೆ.

ನಾಗೇಶ:

ಹಾಗಾದರೆ ಆಸಿಡ್ ಪಳಗಿಲ್ಲವೇ? ಬ್ಯಾಟರಿ ಅಂಗಡಿಯಲ್ಲಿ ‘ಹುಳಿ ಹಾಕ್ರಿ’ ಅಂದು ನೋಡಿ, ಸಾರಿನ ಪುಡಿ ಕೊಟ್ಟು ಕಳಿಸುತ್ತಾರೆ. ಪಳಗಿದ್ದು ಯಾವುದು ಅಂತ ನೀವೊಬ್ಬರೇ ತೀರ್ಮಾನ ಮಾಡುತ್ತೀರಾ?

ಪುಟ್ಟಸ್ವಾಮಿ:

ಜಗಳ ಆಮೇಲೆ ಆಡಿ. ಗೋಡೆಯ ಚಾರ್ಟಿನಲ್ಲಿ ‘ಹುಳಿ’ ಬೇಡ ಅನ್ನಲು ನನಗೆ ಬೇರೆ ಕಾರಣ ಇದೆ. ಹುಳಿ ಅಂದರೆ ಹುಣಸೆ, ನಿಂಬೆ, ಭಯವಿಲ್ಲ. ಇದು ಗಂಧಕಾಮ್ಲ. ಈ ದ್ರಾವಣ ಮಾಡುವಾಗ ನೀರಿಗೆ ಆಸಿಡನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು, ಆಸಿಡ್‌ಗೆ ನೀರು ಸುರಿದರೆ ಕುದಿದು ಮುಖಕ್ಕೆ ಎಗರುತ್ತದೆ. ಹೊಸ ಹುಡುಗನೊಬ್ಬ ಹಾಗೆ ಮಾಡಿ ಅಂಗಿ ತೋಳು ಜಾಲರಿ ಆದದ್ದು ಕಂಡಿದ್ದೇನೆ. ಚಾರ್ಟ್ ಓದಿದವನಿಗೆ ಭಯ ಆಗಬೇಕು.

ಗುರುರಾಜ:

ಪದಕ್ಕೂ ಅಂಗಿಗೂ ಏನು ಸಂಬಂಧ? ‘ಕಡುಹುಳಿ’ ಅನ್ನಿ, ಭಯ ಆಗುತ್ತದೆ.

ರೇಖಾ:

ಎಲ್ಲರಿಗೂ ಥ್ಯಾಂಕ್ಸ್. ‘ಆಸಿಡ್‌ಗೆ ಬಣ್ಣ ಬಿಡದ ಕಡ್ಡಿ’ ಅಂತ ಹಾಕಿ, ಪಕ್ಕದಲ್ಲಿ ‘ಎ.ಎಫ್.ಬಿ.’ ಅಂತಲೂ ಬರೆದಿದ್ದೇನೆ, ರಿಪೋರ್ಟಿನಲ್ಲಿ ಅದೇ ಇರುತ್ತದಲ್ಲ. ‘ಸ್ಲೈಡನ್ನು ಕುದಿಸಿ’ ಅಂತಿದ್ದದ್ದನ್ನು ‘ಹಬೆ ಏಳುವವರೆಗೆ ಬಿಸಿ ಮಾಡಿ’ ಅಂತ ತಿದ್ದಿದೆ, ಪುಟ್ಟಸ್ವಾಮಿ ಸರ್ ಹೇಳದಿದ್ದರೆ ಹಾಗೇ ಅಚ್ಚಾಗುತ್ತಿತ್ತು.

ಒಂದು ಉಳಿದಿದೆ. ಕೊನೆಗೆ ಹಾಕುವ ನೀಲಿಗೆ, ಅಂದರೆ ಕೌಂಟರ್‌ಸ್ಟೇನ್‌ಗೆ, ‘ಪ್ರತಿವರ್ಣ’ ಅಂತ ಇಟ್ಟಿದ್ದೇನೆ. ಲ್ಯಾಬಿನಲ್ಲಿ ಏನಂತೀರಿ ಸರ್?

ಪುಟ್ಟಸ್ವಾಮಿ:

‘ನೀಲಿ ಹಾಕೋದು’ ಅಂತೀವಿ.

ಗುರುರಾಜ:

‘ಎದುರುಬಣ್ಣ’.

ನಾಗೇಶ:

ಬಣ್ಣ ಮತ್ತೆ ಬಂತು.